ನಮ್ಮ ಆಕಾಶ ಚಾನೆಲ್: ಸೆಪ್ಟೆಂಬರ್‌ನಿಂದ ಏಪ್ರಿಲ್‌ವರೆಗಿನ ಶೀರ್ಷಿಕೆಗಳು

ಗೆಳೆಯರೇ, ಕಾಪಿ ಮಾಡಿ ಹಾಕೋದಕ್ಕೆ ಎಲ್ಲ ಇಲ್ಲಿದೆ. 2023ರ ಅಕ್ಟೋಬರ್ ಗ್ರಹಣಕ್ಕೆ ನಾನೇ ‘ಇಂದು ರಾತ್ರಿ ಗ್ರಹಣ, ಲೈವ್ ಬನ್ನಿ!’ ಅಂತ ಹಾಕಿದ್ದೆ. ಮರುದಿನ ಹುಡುಕಿದರೆ ನನಗೇ ಸಿಗಲಿಲ್ಲ. ಈ ಸಲ ‘ಲೈವ್’, ‘ಇಂದು’ ಎರಡೂ ಥಂಬ್‌ನೇಲ್‌ನಲ್ಲಿ ಮಾತ್ರ. ಕೆಂಪು ಗುರುತು ಯೂಟ್ಯೂಬೇ ಹಾಕುತ್ತದೆ.

7 ಸೆಪ್ಟೆಂಬರ್ 2025, ಭಾನುವಾರ, ಲೈವ್ ರಾತ್ರಿ 9:45ಕ್ಕೆ

ಪೂರ್ಣ ಚಂದ್ರಗ್ರಹಣ 7 ಸೆಪ್ಟೆಂಬರ್ 2025 | ಬೆಂಗಳೂರಿನ ಟೆಲಿಸ್ಕೋಪಿನಲ್ಲಿ ಕೆಂಪು ಚಂದ್ರ

ಗ್ರಹಣ ಮುಗಿಯೋದು 8ನೇ ತಾರೀಕು. ಆದರೂ ಜನ ಹುಡುಕೋದು 7 ಅಂತಲೇ, ಅದನ್ನೇ ಇಟ್ಟಿದ್ದೇನೆ. ‘ರಕ್ತಚಂದ್ರ’ ವಿವರಣೆಯ ಮೊದಲ ಸಾಲಿಗೆ ಹೋಗಲಿ. ಮೋಡ ಕವಿದು ಏನೂ ಕಾಣದಿದ್ದರೆ ರಾತ್ರಿಯೇ ಹೀಗೆ ಬದಲಿಸಿ:

ಪೂರ್ಣ ಚಂದ್ರಗ್ರಹಣ 7 ಸೆಪ್ಟೆಂಬರ್ 2025 | ಮೋಡದ ರಾತ್ರಿ, ನಿಮ್ಮ ಪ್ರಶ್ನೆಗಳಿಗೆ ಉತ್ತರ

ಕಾಣದ ಚಂದ್ರನನ್ನು ತೋರಿಸುತ್ತೇವೆ ಅನ್ನೋ ಶೀರ್ಷಿಕೆ ವರ್ಷಗಟ್ಟಲೆ ಉಳಿಯೋದು ಬೇಡ.

ರೆಕಾರ್ಡಿಂಗ್ ಆದ ಮೇಲೆ ವಿವರಣೆಗೆ:

```
0:00 ಪರಿಚಯ
0:12:00 ನೆರಳು ತಾಗಿತು, 9:57
1:15:00 ಪೂರ್ಣ ಗ್ರಹಣ ಶುರು, 11:00
1:56:00 ಗ್ರಹಣದ ನಡುಭಾಗ, 11:41
2:37:00 ಪೂರ್ಣ ಗ್ರಹಣ ಮುಗಿಯಿತು, 12:22
3:41:00 ನೆರಳು ಬಿಟ್ಟಿತು, 1:26
```

ನಾವು ಸರಿಯಾಗಿ 9:45ಕ್ಕೆ ಶುರು ಮಾಡಿದರೆ ಮಾತ್ರ ಈ ಲೆಕ್ಕ. ತಡವಾದರೆ ಅಷ್ಟು ಕಳೆಯಿರಿ.

14 ಸೆಪ್ಟೆಂಬರ್, ಪ್ರೀಮಿಯರ್ ಸಂಜೆ 7ಕ್ಕೆ

ಗ್ರಹಣದಲ್ಲಿ ಚಂದ್ರ ಕೆಂಪಾಗೋದು ಯಾಕೆ? | 7 ಸೆಪ್ಟೆಂಬರ್ 2025 ಚಂದ್ರಗ್ರಹಣ ಟೈಮ್‌ಲ್ಯಾಪ್ಸ್

ಇದು ಮುಂದಿನ ಗ್ರಹಣಕ್ಕೂ ಕೆಲಸಕ್ಕೆ ಬರುತ್ತದೆ, ಅದಕ್ಕೇ ಪ್ರಶ್ನೆ ಮೊದಲು.

13 ಡಿಸೆಂಬರ್, ಲೈವ್ ರಾತ್ರಿ 11ಕ್ಕೆ

ಜೆಮಿನಿಡ್ ಉಲ್ಕಾವೃಷ್ಟಿ ಡಿಸೆಂಬರ್ 2025 | ಮಿಥುನ ರಾಶಿಯ ಕಡೆಯಿಂದ ಬರುವ ಉಲ್ಕೆಗಳು

3 ಮಾರ್ಚ್ 2026, ಮಂಗಳವಾರ, ಲೈವ್ ಸಂಜೆ 6:15ಕ್ಕೆ

ಗ್ರಸ್ತೋದಯ ಚಂದ್ರಗ್ರಹಣ 3 ಮಾರ್ಚ್ 2026 | ಗ್ರಹಣ ಹಿಡಿದೇ ಹುಟ್ಟುವ ಚಂದ್ರ, ಬೆಂಗಳೂರು

ಪಂಚಾಂಗ ನೋಡುವವರು ಬಳಸೋದು ಗ್ರಸ್ತೋದಯ ಅನ್ನೋ ಪದ. ಉಳಿದವರಿಗೆ ‘ಚಂದ್ರಗ್ರಹಣ’ ಪಕ್ಕದಲ್ಲೇ ಇದೆ. ‘ಪೂರ್ಣ’ ಬೇಡ, ಪೂರ್ಣ ಹಂತ 5:33ಕ್ಕೇ ಮುಗಿದಿರುತ್ತದೆ, ಆಗ ನಮ್ಮಲ್ಲಿ ಚಂದ್ರ ಹುಟ್ಟಿಯೇ ಇರೋದಿಲ್ಲ. 6:47ಕ್ಕೆ ನೆರಳೂ ಬಿಡುತ್ತದೆ. ಪೂರ್ವಕ್ಕೆ ಅಪಾರ್ಟ್‌ಮೆಂಟ್ ಇಲ್ಲದ ಟೆರೇಸ್ ಯಾರದ್ದಾದರೂ ಇದೆಯಾ?

24 ಏಪ್ರಿಲ್ 2026, ಲೈವ್ ಮಧ್ಯಾಹ್ನ 12ಕ್ಕೆ

ಶೂನ್ಯ ನೆರಳಿನ ದಿನ ಬೆಂಗಳೂರು, ಏಪ್ರಿಲ್ 2026 | ಕಂಬದ ನೆರಳು ಮಾಯವಾಗುವ ಕ್ಷಣ

ಶೀರ್ಷಿಕೆಗೆ ಮಿತಿ 100 ಅಕ್ಷರ. ಗುಣಿತ, ಒತ್ತು ಎಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಹಾಗಾಗಿ ಕೊನೆಯಲ್ಲಿ ಚಾನೆಲ್ ಹೆಸರು ಸೇರಿಸೋಕೆ ಹೋಗಬೇಡಿ, ಅದು ಕೆಳಗೆ ಹೇಗೂ ಕಾಣುತ್ತದೆ ಅಲ್ವಾ.