ಮಂಜುಗೆ ಆಡಳಿತ ಕಾನೂನಿನ ಓದು: ಆಗಸ್ಟ್‌ನಿಂದ ನವೆಂಬರ್‌ವರೆಗೆ, ವಾರವಾರದ ಪ್ಲಾನ್

ಮಂಜು, ನಿನ್ನ ಪರೀಕ್ಷೆ ಡಿಸೆಂಬರ್ ಮೊದಲ ವಾರ. ಆಗಸ್ಟ್ ಮೊದಲ ಸೋಮವಾರದಿಂದ ಶುರು ಮಾಡಿದರೆ 16 ವಾರ ಸಿಗುತ್ತದೆ. ಹಗಲೆಲ್ಲ ಕಾಲೇಜು, ಸಂಜೆ ವಕೀಲರ ಆಫೀಸು. ಹಾಗಾಗಿ ಬೆಳಿಗ್ಗೆ ಐದೂವರೆಯಿಂದ ಏಳರವರೆಗಿನ ಹೊತ್ತನ್ನು ಈ ಪೇಪರ್‌ಗೆ ಇಟ್ಟುಕೋ.

ಸೋಮವಾರದಿಂದ ಬುಧವಾರ ಪಠ್ಯಪುಸ್ತಕ, ಕ್ಲಾಸ್ ನೋಟ್ಸ್. ಗುರುವಾರ, ಶುಕ್ರವಾರ ತೀರ್ಪುಗಳು. ಶನಿವಾರ ಬೇರೆ ವಿಷಯ ಓದು. ಭಾನುವಾರ ಪುಸ್ತಕ ಮುಚ್ಚಿಟ್ಟು ಕೈಯಲ್ಲಿ ಬರೆಯಬೇಕು: 10 ಅಂಕದ ಒಂದು ಉತ್ತರ, 6 ಅಂಕದ ಒಂದು ಟಿಪ್ಪಣಿ. ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕು, ರಾತ್ರಿ ತಿದ್ದಿ ಕಳಿಸುತ್ತೇನೆ.

ತೀರ್ಪು ಓದುವಾಗ ಮೊದಲು ಘಟನೆ ಏನಾಯಿತು ಅಂತ ನೋಡು. ಆಮೇಲೆ ಒಂದೇ ಪ್ರಶ್ನೆ ಕೇಳಿಕೋ: ಈ ಅಧಿಕಾರಿಗೆ ಈ ಅಧಿಕಾರ ಎಲ್ಲಿಂದ ಬಂತು, ಅದು ಎಲ್ಲಿಗೆ ನಿಲ್ಲಬೇಕಿತ್ತು? ಈ ಪೇಪರ್ ಪೂರ್ತಿ ಇರುವುದು ಇದರ ಮೇಲೆಯೇ. ಹೆಸರು, ಇಸವಿ ಮಾತ್ರ ಬಾಯಿಪಾಠ ಮಾಡಿದರೆ ಸಮಸ್ಯೆಯ ಪ್ರಶ್ನೆ ಬಂದಾಗ ಕೈ ಓಡುವುದಿಲ್ಲ.

1ನೇ ವಾರ
ಕಾನೂನಿನ ಆಳ್ವಿಕೆ, ಅಧಿಕಾರ ವಿಭಜನೆ. ಡೈಸಿ 1885ರಲ್ಲಿ ಹೇಳಿದ್ದು, ಫ್ರಾನ್ಸಿನ ಆಡಳಿತ ನ್ಯಾಯಾಲಯಗಳನ್ನು ಅವನು ಒಪ್ಪದೇ ಇದ್ದದ್ದು, ನಮ್ಮಲ್ಲಿ ರಾಮ್ ಜವಾಯಾ ಕಪೂರ್ (1955). ಒಂದು ವಾರ ಸಾಕು. ಇಲ್ಲಿ ಜಾಸ್ತಿ ದಿನ ಕಳೆಯಬೇಡ.

2 ಮತ್ತು 3ನೇ ವಾರ
ಪ್ರತ್ಯಾಯೋಜಿತ ಶಾಸನ. 2ನೇ ವಾರ ದೆಹಲಿ ಲಾಸ್ ಆ್ಯಕ್ಟ್ ಪ್ರಕರಣ (1951). ಏಳು ನ್ಯಾಯಮೂರ್ತಿಗಳು ಏಳು ಅಭಿಪ್ರಾಯ ಬರೆದಿದ್ದಾರೆ ಅಂತ ಹೆದರಬೇಡ. ಶಾಸಕಾಂಗ ತನ್ನ ಮೂಲ ಕೆಲಸವನ್ನು, ಅಂದರೆ ನೀತಿ ನಿರ್ಧರಿಸುವುದನ್ನು, ಬೇರೆಯವರಿಗೆ ಬಿಟ್ಟುಕೊಡುವಂತಿಲ್ಲ ಎಂಬ ಎಳೆ ಹಿಡಿ. ರಾಜನಾರಾಯಣ ಸಿಂಗ್ (1954) ಅದನ್ನೇ ಇನ್ನಷ್ಟು ಸ್ಪಷ್ಟ ಮಾಡುತ್ತದೆ. 3ನೇ ವಾರ ನಿಯಂತ್ರಣ: ಸದನದಲ್ಲಿ ಮಂಡಿಸುವುದು, ಪ್ರಕಟಿಸುವುದು, ಕೋರ್ಟಿನ ಪರಿಶೀಲನೆ. ಹರ್ಲಾ (1951) ತಪ್ಪದೆ ಓದು. ಜೈಪುರದ ಅಫೀಮು ಕಾನೂನನ್ನು ಜನರಿಗೆ ತಿಳಿಸಿಯೇ ಇರಲಿಲ್ಲ, ಆದರೂ ಅದರಡಿ ಶಿಕ್ಷೆ ಆಗಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಜೊತೆಗೆ ಬೆಂಗಳೂರಿನ ನಗರ ಯೋಜನೆಯ ಪ್ರಕಟಣೆ ಕುರಿತ ಬಿ.ಕೆ. ಶ್ರೀನಿವಾಸನ್ (1987) ಸೇರಿಸು.

4ರಿಂದ 7ನೇ ವಾರ
ಸಹಜ ನ್ಯಾಯ ತತ್ವಗಳು. ಸಮಸ್ಯೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅದಕ್ಕೇ ಇಷ್ಟು ದಿನ ಕೊಟ್ಟಿದ್ದೇನೆ.

4ನೇ ವಾರ ರಿಡ್ಜ್ ವಿರುದ್ಧ ಬಾಲ್ಡ್ವಿನ್ (1963), ಆಮೇಲೆ ಕ್ರೈಪಾಕ್ (1969). ಮೊದಲನೆಯದರಲ್ಲಿ ಬ್ರೈಟನ್‌ನ ಪೊಲೀಸ್ ಮುಖ್ಯಸ್ಥನನ್ನು ವಿಚಾರಿಸದೆ ಕೆಲಸದಿಂದ ತೆಗೆದರು. ಎರಡನೆಯದು ಅರಣ್ಯ ಸೇವೆಯ ಆಯ್ಕೆ. ಸ್ಪರ್ಧಿಯೊಬ್ಬರು ಆಯ್ಕೆ ಮಂಡಳಿಯಲ್ಲೂ ಇದ್ದರು. ತಮ್ಮ ಹೆಸರು ಬಂದಾಗ ಎದ್ದು ಹೋದರು, ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತೇ ಇದ್ದರು. ಅಷ್ಟರಿಂದ ನ್ಯಾಯ ಸಿಗುತ್ತದಾ? ಆಡಳಿತದ ಕೆಲಸ, ಅರೆ ನ್ಯಾಯಿಕ ಕೆಲಸ ಎಂಬ ಗೆರೆ ಹೇಗೆ ತೆಳುವಾಯಿತು ಎಂದು ಈ ತೀರ್ಪಿನಿಂದ ಎರಡು ಪುಟ ಬರೆ.

5ನೇ ವಾರ ಪಕ್ಷಪಾತ: ಹಣದ್ದು, ವೈಯಕ್ತಿಕ, ವಿಷಯಕ್ಕೆ ಸಂಬಂಧಿಸಿದ್ದು. ಮಾಣಕ್ ಲಾಲ್ (1957) ಸಾಕು.

6ನೇ ವಾರ ವಿಚಾರಣೆಯ ಹಕ್ಕು. ಮೇನಕಾ ಗಾಂಧಿ (1978), ಓಲ್ಗಾ ಟೆಲ್ಲಿಸ್ (1985), ಇಲಾಖಾ ವಿಚಾರಣೆಯ ವರದಿ ಪ್ರತಿ ಕೊಡಬೇಕೆಂಬ ಕರುಣಾಕರ್ (1993). ನೋಟಿಸ್, ಸಾಕ್ಷ್ಯ, ಪಾಟಿ ಸವಾಲು, ವಕೀಲರ ನೆರವು: ಈ ನಾಲ್ಕನ್ನೂ ಬೇರೆ ಬೇರೆ ಪ್ಯಾರಾ ಮಾಡಿ ಬರೆಯುವ ಅಭ್ಯಾಸ ಮಾಡು.

7ನೇ ವಾರ ಗಣೇಶ ಹಬ್ಬ, ಮೂರು ದಿನ ಓದಿದರೆ ಸಾಕು. ಕಾರಣ ಕೊಡಬೇಕಾದ ಹೊಣೆ (ಎಸ್.ಎನ್. ಮುಖರ್ಜಿ, 1990) ಮತ್ತು ಸಹಜ ನ್ಯಾಯಕ್ಕಿರುವ ವಿನಾಯಿತಿಗಳು.

8ನೇ ವಾರ
ಹೊಸದು ಏನೂ ಇಲ್ಲ. ಬರೆದ ಉತ್ತರಗಳನ್ನು ಮತ್ತೆ ಓದು. ಹಿಂದೆ ಬಿದ್ದಿದ್ದರೆ ಈ ವಾರ ಸರಿ ಮಾಡಿಕೋ. ಯಾವುದನ್ನಾದರೂ ಬಿಡಲೇಬೇಕು ಅನ್ನಿಸಿದರೆ 1ನೇ ವಾರದ್ದು ಬಿಡು, 4 ಮತ್ತು 6ನೇ ವಾರದ್ದು ಬಿಡಬೇಡ.

9ರಿಂದ 11ನೇ ವಾರ
ವಿವೇಚನಾಧಿಕಾರ. ವೆನ್ಸ್‌ಬರಿ (1947) ಎಲ್ಲರೂ ಬರೆಯುತ್ತಾರೆ, ಆದರೆ ಆ ಸಿನಿಮಾ ಮಾಲೀಕರು ಕೇಸು ಸೋತರು ಅನ್ನುವುದನ್ನು ಮರೆಯುತ್ತಾರೆ. ಭಾನುವಾರ ಹದಿನೈದು ವರ್ಷದೊಳಗಿನ ಮಕ್ಕಳನ್ನು ಬಿಡಬಾರದು ಎಂಬ ಷರತ್ತು ಉಳಿಯಿತು. ಕೋರ್ಟ್ ಎಷ್ಟು ಕಡಿಮೆ ಕೈ ಹಾಕುತ್ತದೆ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.

10ನೇ ವಾರ ಪೂರ್ತಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ (1991). ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಮುಖ್ಯಮಂತ್ರಿ ಹೇಳಿದರೆಂದು ಬಿಡಿಎ ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಿತು. ಬಡಾವಣೆಯ ಜನ ಹೈಕೋರ್ಟಿಗೆ ಹೋದರು, ಗೆದ್ದರು, ಸುಪ್ರೀಂ ಕೋರ್ಟಿನಲ್ಲೂ ಉಳಿಸಿಕೊಂಡರು. ಬೇರೆಯವರ ಮಾತಿಗೆ ಅಧಿಕಾರ ಚಲಾಯಿಸುವುದು, ಸಲ್ಲದ ಉದ್ದೇಶ, ದಾವೆ ಹೂಡುವ ಅರ್ಹತೆ, ಮೂರೂ ಈ ಒಂದರಲ್ಲೇ ಸಿಗುತ್ತವೆ. ನಾನು ಲಾ ಓದುವಾಗ ಈ ಪೇಪರ್ ಮೇಲೆ ಪ್ರೀತಿ ಹುಟ್ಟಿದ್ದು ಈ ತೀರ್ಪಿನಿಂದ. ಪೂರ್ತಿ ಓದು, ಸಾರಾಂಶ ಬೇಡ.

11ನೇ ವಾರ ಪ್ರಮಾಣಬದ್ಧತೆ (ಓಂ ಕುಮಾರ್, 2000), ನ್ಯಾಯಸಮ್ಮತ ನಿರೀಕ್ಷೆ, ವಚನ ವಿಬಂಧ (ಮೋತಿಲಾಲ್ ಪದಂಪತ್, 1979).

12ನೇ ವಾರ
ದಸರಾ. ಹೈಕೋರ್ಟಿಗೂ ರಜೆ, ನಾನು ಧಾರವಾಡದಿಂದ ಮನೆಗೆ ಬರುತ್ತೇನೆ. ಇಬ್ಬರೂ ಕುಳಿತು ರಿಟ್ ಅರ್ಜಿಗಳನ್ನು ಮುಗಿಸೋಣ: 32 ಮತ್ತು 226ನೇ ವಿಧಿ, ಐದು ರಿಟ್‌ಗಳು, ಯಾರ ವಿರುದ್ಧ ಯಾವುದು. ನಾನು ಸಮಸ್ಯೆ ಹೇಳುತ್ತೇನೆ, ನೀನು ಯಾವ ರಿಟ್ ಅಂತ ಹೇಳಬೇಕು.

13ನೇ ವಾರ
ನ್ಯಾಯಮಂಡಳಿಗಳು. 323ಎ, 323ಬಿ, ಸಂಪತ್ ಕುಮಾರ್ (1987), ಎಲ್. ಚಂದ್ರಕುಮಾರ್ (1997). ಎರಡರ ನಡುವಿನ ಬದಲಾವಣೆಯೇ ಉತ್ತರ. ನಮ್ಮ ರಾಜ್ಯದ ಆಡಳಿತ ನ್ಯಾಯಮಂಡಳಿಯ ಆದೇಶದ ಮೇಲೆ ಇಂದು ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಹೋಗುವುದು ಚಂದ್ರಕುಮಾರ್ ಇರುವುದರಿಂದ.

14ನೇ ವಾರ
ದೀಪಾವಳಿ. ಭಾನುವಾರದ ಉತ್ತರಕ್ಕೆ ರಜೆ. ಸರ್ಕಾರದ ಹೊಣೆ: 299, 300ನೇ ವಿಧಿ, ವಿದ್ಯಾವತಿ (1962), ಕಸ್ತೂರಿಲಾಲ್ (1965), ನೀಲಾಬತಿ ಬೆಹರಾ (1993). ಕಸ್ತೂರಿಲಾಲ್‌ನಲ್ಲಿ ಪೊಲೀಸರು ವಶಪಡಿಸಿಕೊಂಡ ಚಿನ್ನ ಕಳೆದುಹೋಯಿತು, ಮಾಲೀಕನಿಗೆ ಪರಿಹಾರ ಸಿಗಲಿಲ್ಲ. ನೀಲಾಬತಿಯಲ್ಲಿ ಕಸ್ಟಡಿ ಸಾವಿಗೆ ಪರಿಹಾರ ಸಿಕ್ಕಿತು. ಎರಡನ್ನೂ ಎದುರುಬದುರು ಇಟ್ಟು ಬರೆ.

15ನೇ ವಾರ
ಲೋಕಾಯುಕ್ತ (ಕರ್ನಾಟಕ ಕಾಯ್ದೆ 1984), ಮಾಹಿತಿ ಹಕ್ಕು (2005), ಸಾರ್ವಜನಿಕ ನಿಗಮಗಳು. 2016ರ ಎಸಿಬಿಯನ್ನು 2022ರಲ್ಲಿ ಹೈಕೋರ್ಟ್ ರದ್ದು ಮಾಡಿದ್ದನ್ನು ಲೋಕಾಯುಕ್ತದ ಟಿಪ್ಪಣಿಯಲ್ಲಿ ಬರೆ. ಮಾಹಿತಿ ಹಕ್ಕಿನಲ್ಲಿ 30 ದಿನ, ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ.

16ನೇ ವಾರ
ಬುಧವಾರ ಒಂದು, ಭಾನುವಾರ ಒಂದು: ಹಳೆಯ ಪ್ರಶ್ನೆಪತ್ರಿಕೆ, ಪೂರ್ತಿ ಮೂರು ಗಂಟೆ. ಬುಧವಾರ ಆಫೀಸಿಗೆ ರಜೆ ಕೇಳು, ಈಗಲೇ ಹೇಳಿಡು. ಒಂದು ಘಟಕಕ್ಕೆ ಮೂವತ್ತೈದು ನಿಮಿಷ ದಾಟಿದರೆ ನಿಲ್ಲಿಸಿ ಮುಂದಿನದಕ್ಕೆ ಹೋಗು. ಉಳಿದ ದಿನ ಭಾನುವಾರದ ಉತ್ತರಗಳ ಕಟ್ಟು ಮಾತ್ರ ಓದು. ಎರಡೂ ಪತ್ರಿಕೆ ನನಗೆ ಕಳಿಸು. ಸೋಮವಾರ ಬೆಳಿಗ್ಗೆ ಫೋನ್ ಮಾಡುತ್ತೇನೆ, ಪರೀಕ್ಷೆಯ ಹಿಂದಿನ ದಿನ ಯಾವ ಮೂರು ಉತ್ತರ ಮತ್ತೆ ನೋಡಬೇಕು ಅಂತ ಆಗ ಹೇಳುತ್ತೇನೆ.