ವಾರಕ್ಕೊಂದು ಸೀಮೆಯ ಮನೆಯೂಟ: ಜುಲೈ 6ರಿಂದ ಮಧ್ಯಾಹ್ನದ ಊಟದ ವಾರದ ಚಂದಾ

ಬನಶಂಕರಿ 2ನೇ ಹಂತದಲ್ಲಿರುವ ನಮ್ಮ ಕ್ಲೌಡ್ ಕಿಚನ್‌ನಿಂದ ಇಷ್ಟು ದಿನ ಬಿಡಿ ಆರ್ಡರ್‌ಗಳನ್ನು ಮಾತ್ರ ಪಡೆಯುತ್ತಿದ್ದೆವು. 2026ರ ಜುಲೈ 6, ಸೋಮವಾರದಿಂದ ಅದರ ಜೊತೆಗೆ ವಾರದ ಚಂದಾ ಊಟವನ್ನೂ ಆರಂಭಿಸುತ್ತಿದ್ದೇವೆ. ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನ, ಮಧ್ಯಾಹ್ನದ ಒಂದು ಹೊತ್ತಿನ ಸಂಪೂರ್ಣ ಸಸ್ಯಾಹಾರಿ ಊಟ ನಿಮ್ಮ ಮನೆಗೆ ಅಥವಾ ಕಚೇರಿಗೆ ಬರುತ್ತದೆ. ಆಯಾ ದಿನದ ಅಡುಗೆ ಎಲ್ಲರಿಗೂ ಒಂದೇ. ಪಟ್ಟಿಯಿಂದ ಆರಿಸಿಕೊಳ್ಳುವ ಅವಕಾಶ ಇದರಲ್ಲಿಲ್ಲ ಎಂಬುದನ್ನು ಮೊದಲೇ ತಿಳಿಸುತ್ತೇವೆ. ಮನೆಯಲ್ಲಿ ಊಟಕ್ಕೆ ಕೂತಾಗ ಹೇಗೋ ಇಲ್ಲಿಯೂ ಹಾಗೆಯೇ: ಆ ದಿನ ಒಲೆಯ ಮೇಲೆ ಏನು ಬೆಂದಿದೆಯೋ ಅದನ್ನೇ ಬಡಿಸುತ್ತೇವೆ.

ಒಂದೇ ಸಾರು, ಒಂದೇ ಪಲ್ಯ ಮರಳಿ ಮರಳಿ ಬಂದರೆ ಎಷ್ಟೇ ರುಚಿಯಾಗಿದ್ದರೂ ಎರಡನೆಯ ವಾರಕ್ಕೆ ಬೇಸರವಾಗುತ್ತದೆ. ಆದ್ದರಿಂದ ನಾಲ್ಕು ವಾರಗಳಿಗೆ ನಾಲ್ಕು ಸೀಮೆಗಳ ಅಡುಗೆಯನ್ನು ಗೊತ್ತುಮಾಡಿದ್ದೇವೆ. ಮೊದಲ ವಾರ ಹಳೇ ಮೈಸೂರು, ಎರಡನೆಯ ವಾರ ಉತ್ತರ ಕರ್ನಾಟಕ, ಮೂರನೆಯ ವಾರ ಕರಾವಳಿ, ನಾಲ್ಕನೆಯ ವಾರ ಮಲೆನಾಡು. ಆಗಸ್ಟ್ 3ರಂದು ಚಕ್ರ ಮತ್ತೆ ಹಳೇ ಮೈಸೂರಿಗೆ ಬರುತ್ತದೆ. ಆಗಲೂ ತರಕಾರಿ, ಸೊಪ್ಪುಗಳು ಮಾರುಕಟ್ಟೆಯಲ್ಲಿ ಏನು ಚೆನ್ನಾಗಿ ಸಿಗುತ್ತದೋ ಅದರಂತೆ ಬದಲಾಗುತ್ತವೆ. ಅವರೆಕಾಯಿಯ ಕಾಲ ಬಂದಾಗ ಹಿತಕವರೆ ಸಾರನ್ನು ಯಾರೂ ಕೇಳದೆಯೇ ಮಾಡುತ್ತೇವೆ.

ಮೊದಲ ವಾರದ ಅಡುಗೆ (ಜುಲೈ 6ರಿಂದ 10)

ಸೋಮವಾರ: ಎರಡು ಚಪಾತಿ, ಮೊಳಕೆ ಹೆಸರುಕಾಳಿನ ಸಾರು, ಹುರುಳಿಕಾಯಿ ಪಲ್ಯ, ಅನ್ನ, ಮಜ್ಜಿಗೆ.

ಮಂಗಳವಾರ: ರಾಗಿ ಮುದ್ದೆ, ದಂಟಿನ ಸೊಪ್ಪು ಮತ್ತು ಹಲಸಂದೆಕಾಳಿನ ಬಸ್ಸಾರು, ಅನ್ನ, ಮಜ್ಜಿಗೆ. ಸೊಪ್ಪು, ಕಾಳುಗಳನ್ನು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ. ಉಳಿದ ಸೊಪ್ಪು, ಕಾಳುಗಳಿಗೆ ಒಗ್ಗರಣೆ ಕೊಟ್ಟು, ಕಾಯಿತುರಿ ಹಾಕಿದರೆ ಅದೇ ಪಲ್ಯ. ಮುದ್ದೆ ಆರಿದಷ್ಟೂ ಬಿರುಸಾಗುವುದರಿಂದ ಅದನ್ನು ಎಲ್ಲಕ್ಕಿಂತ ಕೊನೆಯಲ್ಲಿ ತಿರುವಿ, ತುಪ್ಪ ಸವರಿ, ಬೇರೆ ಡಬ್ಬಿಯಲ್ಲಿ ಕಳುಹಿಸುತ್ತೇವೆ. ಡಬ್ಬಿ ಬಂದ ಅರ್ಧ ಗಂಟೆಯೊಳಗೆ ಉಣ್ಣಲು ಆಗದು ಎನ್ನುವವರು ತಿಳಿಸಿದರೆ ಮುದ್ದೆಯ ಬದಲು ಚಪಾತಿ ಕೊಡುತ್ತೇವೆ. ತಣ್ಣಗಾದ ಮುದ್ದೆಯನ್ನು ತಿಂದು ಮುದ್ದೆಯನ್ನೇ ಬೈಯುವವರನ್ನು ನಾವು ಸಾಕಷ್ಟು ಕಂಡಿದ್ದೇವೆ.

ಬುಧವಾರ: ಅನ್ನ, ಮೂಲಂಗಿ ಹುಳಿ, ಗೋರಿಕಾಯಿ ಪಲ್ಯ, ಹೆಸರುಬೇಳೆ ಕೋಸಂಬರಿ, ಹಪ್ಪಳ, ಮೊಸರು.

ಗುರುವಾರ: ಎರಡು ಚಪಾತಿ, ಬದನೆಕಾಯಿ ಗೊಜ್ಜು, ಹುರುಳಿಕಾಳಿನ ಸಾರು, ಅನ್ನ, ಮಜ್ಜಿಗೆ.

ಶುಕ್ರವಾರ: ಬಿಸಿಬೇಳೆಬಾತ್, ಖಾರಾಬೂಂದಿ, ಮೊಸರನ್ನ, ಹೆಸರುಬೇಳೆ ಪಾಯಸ. ಬಿಸಿಬೇಳೆಬಾತ್ ಆರುತ್ತಾ ಗಟ್ಟಿಯಾಗುವುದರಿಂದ ಇಲ್ಲಿಂದ ಹೊರಡುವಾಗ ಸ್ವಲ್ಪ ತೆಳುವಾಗಿಯೇ ಇರುತ್ತದೆ. ಡಬ್ಬಿ ತೆರೆಯುವ ಹೊತ್ತಿಗೆ ಅದು ಹದಕ್ಕೆ ಬಂದಿರುತ್ತದೆ.

ಮುಂದಿನ ಮೂರು ವಾರಗಳ ದಿನವಾರು ಪಟ್ಟಿಯನ್ನು ಆಯಾ ವಾರಕ್ಕೆ ಮುಂಚಿನ ಬುಧವಾರ ಪ್ರಕಟಿಸುತ್ತೇವೆ. ಎರಡನೆಯ ವಾರದಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಜುಣಕ, ಮಡಿಕೆಕಾಳಿನ ಪಲ್ಯ ಇರುತ್ತವೆ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿಗಳು ಸರದಿಯಂತೆ ಬರುತ್ತವೆ. ಮೂರನೆಯ ವಾರದಲ್ಲಿ ಕುಚ್ಚಲಕ್ಕಿ ಅನ್ನ, ಮಂಗಳೂರು ಸೌತೆಯ ಹುಳಿ, ಹಲಸಿನ ಬೀಜ ಹಾಕಿದ ಬಸಳೆ ಪದಾರ್ಥ, ಹಾಗಲಕಾಯಿ ಮೆಣಸ್ಕಾಯಿ ಇರುತ್ತವೆ. ಮಳೆಗಾಲದ ಒಳ್ಳೆಯ ಕೆಸುವಿನೆಲೆ ಸಿಕ್ಕರೆ ಒಂದು ದಿನ ಪತ್ರೊಡೆಯನ್ನೂ ಮಾಡುತ್ತೇವೆ. ಸಿಗದಿದ್ದರೆ ಬೇರೆ ಎಲೆಯಲ್ಲಿ ಮಾಡಿ ಅದೇ ಹೆಸರಿನಲ್ಲಿ ಕಳುಹಿಸುವುದಿಲ್ಲ. ನಾಲ್ಕನೆಯ ವಾರದಲ್ಲಿ ಒಂದೆಲಗದ ತಂಬುಳಿ, ಅಪ್ಪೆಹುಳಿ, ಸಿಹಿಗುಂಬಳದ ಹಶಿ, ಕಡುಬು ಮುಂತಾದವು ಇರುತ್ತವೆ. ನೀರುದೋಸೆಯನ್ನು ಬಹಳ ಮಂದಿ ಕೇಳಿದ್ದಾರೆ. ಡಬ್ಬಿಯ ಹಬೆಗೆ ಅದು ಒಂದಕ್ಕೊಂದು ಅಂಟಿಕೊಳ್ಳುವುದರಿಂದ ಸದ್ಯಕ್ಕೆ ಕೈಬಿಟ್ಟಿದ್ದೇವೆ.

ಆರ್ಡರ್ ಕೊಡಲು ಕೊನೆಯ ಸಮಯ

ಸೋಮವಾರದಿಂದ ಆರಂಭವಾಗುವ ವಾರದ ಚಂದಾಕ್ಕೆ ಹಿಂದಿನ ಶುಕ್ರವಾರ ಸಂಜೆ 6 ಗಂಟೆಯೊಳಗೆ ಆರ್ಡರ್ ಮತ್ತು ಹಣ ಎರಡೂ ನಮಗೆ ತಲುಪಿರಬೇಕು. ಮೊದಲ ವಾರಕ್ಕೆ ಅದು ಜುಲೈ 3, ಶುಕ್ರವಾರ ಸಂಜೆ 6 ಗಂಟೆ. ಈ ಗಡುವನ್ನು ಸಡಿಲಿಸದಿರುವುದಕ್ಕೆ ಅಡುಗೆಮನೆಯ ಲೆಕ್ಕವೇ ಕಾರಣ. ಶುಕ್ರವಾರ ಸಂಜೆ ಎಷ್ಟು ಊಟ ಎಂಬುದು ಗೊತ್ತಾದರೆ ಮಾತ್ರ ಶನಿವಾರ ದಿನಸಿ ತರಲು, ಆ ರಾತ್ರಿ ಹೆಸರುಕಾಳು ನೆನೆಹಾಕಲು, ಭಾನುವಾರ ಬಟ್ಟೆಯಲ್ಲಿ ಕಟ್ಟಿಟ್ಟು ಸೋಮವಾರ ಬೆಳಗ್ಗೆಗೆ ಮೊಳಕೆ ಬರಿಸಲು ಸಾಧ್ಯ. ಬಂದ ಆರ್ಡರ್‌ಗಿಂತ ಹೆಚ್ಚು ಅಡುಗೆ ಮಾಡಿ, ಉಳಿದದ್ದನ್ನು ಮರುದಿನ ಬಿಸಿಮಾಡಿ ಕಳುಹಿಸುವ ಪದ್ಧತಿಯನ್ನು ನಾವು ಇಟ್ಟುಕೊಂಡಿಲ್ಲ. ದಿನಕ್ಕೆ 80 ಊಟಗಳಿಗಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲವಾದ್ದರಿಂದ, ಆ ಸಂಖ್ಯೆ ಮೊದಲೇ ತುಂಬಿದರೆ ಗಡುವಿಗೆ ಮುಂಚೆಯೇ ಆರ್ಡರ್ ನಿಲ್ಲಿಸಬೇಕಾಗುತ್ತದೆ.

ಒಂದು ದಿನದ ಊಟ ಬೇಡವೆಂದಾದರೆ ಹಿಂದಿನ ದಿನ ಸಂಜೆ 5 ಗಂಟೆಯೊಳಗೆ ತಿಳಿಸಬೇಕು. ಸೋಮವಾರದ ಊಟಕ್ಕೆ ಮಾತ್ರ ಶನಿವಾರ ಸಂಜೆ 5 ಗಂಟೆಯೇ ಕೊನೆ. ಹೀಗೆ ಬಿಟ್ಟ ಊಟದ ಹಣವನ್ನು ಮುಂದಿನ ವಾರದ ಚಂದಾ ಮೊತ್ತದಲ್ಲಿ ಕಡಿಮೆ ಮಾಡುತ್ತೇವೆ; ವಾರಕ್ಕೆ ಎರಡು ದಿನಗಳವರೆಗೆ ಈ ಅನುಕೂಲವಿದೆ. ಅದೇ ದಿನ ಬೆಳಗ್ಗೆ ತಿಳಿಸಿದರೆ ನಾವು ಏನೂ ಮಾಡಲಾಗುವುದಿಲ್ಲ, ಏಕೆಂದರೆ ಆ ವೇಳೆಗೆ ನಿಮ್ಮ ಪಾಲಿನ ಅಕ್ಕಿಯೂ ನೀರಿಗೆ ಬಿದ್ದಿರುತ್ತದೆ.

ದರ, ಡಬ್ಬಿ ಮತ್ತು ತಲುಪಿಸುವ ವೇಳೆ

ಒಬ್ಬರಿಗೆ ಐದು ದಿನಗಳ ಊಟಕ್ಕೆ 700 ರೂಪಾಯಿ. ತೆರಿಗೆಯೂ ಸಾಗಣೆಯ ಖರ್ಚೂ ಇದರಲ್ಲಿಯೇ ಸೇರಿವೆ. ಊಟವನ್ನು ಸ್ಟೀಲ್ ಡಬ್ಬಿಯಲ್ಲಿ ಕಳುಹಿಸುವುದರಿಂದ ಮೊದಲ ಬಾರಿ ಸೇರುವವರು 400 ರೂಪಾಯಿ ಠೇವಣಿ ಇಡಬೇಕು. ಚಂದಾ ನಿಲ್ಲಿಸಿ ಡಬ್ಬಿ ಮರಳಿಸಿದ ದಿನವೇ ಅದನ್ನು ಪೂರ್ತಿಯಾಗಿ ಹಿಂದಿರುಗಿಸುತ್ತೇವೆ. ಇಂದಿನ ಡಬ್ಬಿಯನ್ನು ನಾಳೆ ಊಟ ತರುವವರ ಕೈಗೆ ಕೊಟ್ಟರೆ ಸಾಕು. ತೊಳೆದು ಕೊಟ್ಟರೆ ಸಂತೋಷ, ಆದರೆ ನಾವು ಹೇಗೂ ಮತ್ತೊಮ್ಮೆ ಬಿಸಿನೀರಿನಲ್ಲಿ ತೊಳೆಯುತ್ತೇವೆ.

ಸದ್ಯಕ್ಕೆ ಬನಶಂಕರಿ, ಪದ್ಮನಾಭನಗರ, ಜಯನಗರ, ಬಸವನಗುಡಿ ಮತ್ತು ಜೆ.ಪಿ. ನಗರಕ್ಕೆ ಮಾತ್ರ ಮಧ್ಯಾಹ್ನ 12ರಿಂದ 1.15ರ ನಡುವೆ ತಲುಪಿಸುತ್ತೇವೆ. ದೂರದ ಬಡಾವಣೆಗಳವರು ಬೇಸರಿಸಬಾರದು. ಸಂಚಾರ ದಟ್ಟಣೆಯಲ್ಲಿ ಒಂದು ಗಂಟೆ ಕಳೆದ ಸಾರನ್ನು ಮನೆಯೂಟವೆಂದು ಕರೆಯಲು ನಮಗೆ ಮನಸ್ಸಿಲ್ಲ.

ಈರುಳ್ಳಿ, ಬೆಳ್ಳುಳ್ಳಿ ಬಳಸದವರಿಗೆ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡುತ್ತೇವೆ. ಅದಕ್ಕೆ ಹೆಚ್ಚಿನ ದರವಿಲ್ಲ, ಆರ್ಡರ್ ಕೊಡುವಾಗಲೇ ತಿಳಿಸಬೇಕಷ್ಟೆ. ಅವರಿಗೆ ಬಸ್ಸಾರಿನ ದಿನ ತೊಗರಿಬೇಳೆಯ ತಿಳಿಸಾರು ಬರುತ್ತದೆ. ಕಡಲೆಬೀಜದ ಅಲರ್ಜಿ ಇರುವವರು ಉತ್ತರ ಕರ್ನಾಟಕದ ವಾರವನ್ನು ದಯವಿಟ್ಟು ಬಿಟ್ಟುಬಿಡಿ. ಆ ವಾರ ನಮ್ಮ ಅಡುಗೆಮನೆಯಲ್ಲಿ ಶೇಂಗಾ ತಾಗದ ಸೌಟು ಉಳಿದಿರುತ್ತದೆಂದು ಭರವಸೆ ಕೊಡಲಾರೆವು.

ಸೇರಬಯಸುವವರು ಹೆಸರು, ಪೂರ್ಣ ವಿಳಾಸ, ಊಟಗಳ ಸಂಖ್ಯೆ, ಈರುಳ್ಳಿ–ಬೆಳ್ಳುಳ್ಳಿ ಬೇಕೇ ಬೇಡವೇ, ಮಂಗಳವಾರ ಮುದ್ದೆಯೋ ಚಪಾತಿಯೋ ಎಂಬ ವಿವರಗಳನ್ನು ಬರೆದು ನಮ್ಮ ವಾಟ್ಸ್‌ಆ್ಯಪ್ ಸಂಖ್ಯೆಗೆ ಕಳುಹಿಸಿ, ಯುಪಿಐ ಮೂಲಕ ಹಣ ಪಾವತಿಸಬಹುದು. ಒಂದು ಗಂಟೆಯೊಳಗೆ ನಮ್ಮಿಂದ ಒಪ್ಪಿಗೆಯ ಉತ್ತರ ಬರುತ್ತದೆ. ಉತ್ತರ ಬಾರದಿದ್ದರೆ ಆರ್ಡರ್ ದಾಖಲಾಗಿಲ್ಲವೆಂದು ತಿಳಿದು, ಶುಕ್ರವಾರ 6 ಗಂಟೆಗೆ ಮುಂಚೆ ಒಮ್ಮೆ ಕರೆ ಮಾಡಿ.