ಸಂಜೆ ರೈಲಲ್ಲಿ ಓದಿ

ರೀ,

ಇದನ್ನು ಸಂಜೆ ವಾಪಸ್ ಬರುವಾಗ ಓದಿ. ಬೆಳಿಗ್ಗೆ ಓದಿದರೆ ಆಫೀಸಲ್ಲಿ ದಿನವಿಡೀ ಇದೇ ತಲೆಯಲ್ಲಿ ಸುತ್ತುತ್ತೆ, ಬೇಡ. ಚಿಕ್ಕಬಾಣಾವರ ದಾಟಿದ ಮೇಲೆ ಸ್ವಲ್ಪ ಉಸಿರಾಡೋ ಹಾಗಾಗುತ್ತೆ ಅಂತೀರಲ್ಲ, ಆಗ ಓದಿ. ಗಾಬರಿಯಾಗುವಂಥದ್ದು ಏನೂ ಇಲ್ಲ. ಒಂದು ಆಸೆ ಇದೆ, ಅದನ್ನು ಹೇಳಿಕೊಳ್ಳಬೇಕು ಅನ್ನಿಸಿತು. ರಾತ್ರಿ ನೀವು ಬರುವ ಹೊತ್ತಿಗೆ ದಣಿದಿರುತ್ತೀರಿ. ನಾನೂ ಸ್ಕೂಲು, ಪುಟ್ಟಿಯ ಹೋಂವರ್ಕು, ಅಡುಗೆ ಅಂತ ಸೋತಿರುತ್ತೇನೆ. ಆ ಹೊತ್ತಲ್ಲಿ ಒಳ್ಳೆಯ ಮಾತು ಆಡಿದರೂ ದನಿ ಗಡುಸಾಗಿಬಿಡುತ್ತೆ. ಅದಕ್ಕೇ ಬರೆಯುತ್ತಿದ್ದೇನೆ.

ಹೇಮಾವತಿ ನೀರು ಬಿಡುವ ದಿನ ಎಷ್ಟು ಹೊತ್ತಾಗಿದ್ದರೂ ಎದ್ದು ಸಂಪು ತುಂಬಿಸಿ, ಮೋಟರ್ ಹಾಕಿ, ಟ್ಯಾಂಕ್ ತುಂಬಿದ ಮೇಲೇ ಮಲಗುತ್ತೀರಿ. ನನ್ನನ್ನು ಎಬ್ಬಿಸುವುದಿಲ್ಲ. ನನ್ನ ಸ್ಕೂಟರ್‌ನಲ್ಲಿ ಪೆಟ್ರೋಲ್ ಖಾಲಿಯಾಗಿ ನಾನು ದಾರಿಯಲ್ಲಿ ನಿಂತಿದ್ದು ನನಗೆ ನೆನಪೇ ಇಲ್ಲ. ಅಮ್ಮನಿಗೆ ಕಣ್ಣಿನ ಆಪರೇಷನ್ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕೂತವರು ನೀವು. ಅಮ್ಮ ಈಗಲೂ ಎಲ್ಲರ ಹತ್ತಿರ ಹೇಳುತ್ತಾರೆ. ನಿಮಗೆ ನನ್ನ ಮೇಲೆ ಪ್ರೀತಿ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ನನ್ನ ಮನಸ್ಸಿಗೆ ಯಾವತ್ತೂ ಬಂದಿಲ್ಲ. ಇದನ್ನು ಒಪ್ಪಿಸುವುದಕ್ಕೆ ಹೇಳುತ್ತಿಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ಆದರೂ ನನಗೆ ಮಾತು ಬೇಕು ಅನ್ನಿಸುತ್ತೆ. ಕಿವಿಯಲ್ಲಿ ಕೇಳಿಸಿಕೊಳ್ಳಬೇಕು ಅನ್ನಿಸುತ್ತೆ.

ಶಿರಾದಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಹೋಗಿದ್ದೆವಲ್ಲ. ಊಟದ ಪಂಕ್ತಿಯಲ್ಲಿ ನಿಮ್ಮ ಪಕ್ಕ ಭಾವ ಕೂತಿದ್ದರು. ನಾನು ಹಿಂದಿನ ಸಾಲಿನಲ್ಲಿ ಪುಟ್ಟಿಗೆ ತಿನ್ನಿಸುತ್ತಿದ್ದೆ. ನೀವು ಅವರಿಗೆ ಹೇಳಿದ್ದು ಕೇಳಿಸಿತು: "ಮನೆ ನಡೀತಿರೋದೇ ಅವಳಿಂದ. ಮಕ್ಕಳಿಗೆ ಲೆಕ್ಕ ಹೇಳ್ಕೊಡೋದನ್ನ ಒಂದ್ಸಲ ನೋಡ್ಬೇಕು ನೀವು, ಎಷ್ಟು ತಾಳ್ಮೆ ಅಂತೀರಿ!" ಹೋಳಿಗೆಗೆ ತುಪ್ಪ ಬಡಿಸುವವರು ಬಂದು ನಿಂತಿದ್ದಾರೆ, ನನಗೆ ಗೊತ್ತೇ ಆಗಲಿಲ್ಲ. ಪುಟ್ಟಿ ಭುಜ ಅಲ್ಲಾಡಿಸಿದಳು. ಆ ವಾರ ಪೂರ್ತಿ ಸ್ಕೂಲಲ್ಲಿ ನನ್ನ ಮುಖ ನೋಡಿ ಟೀಚರುಗಳೆಲ್ಲ ಏನು ವಿಶೇಷ ಅಂತ ಕೇಳುತ್ತಿದ್ದರು.

ಆ ಮಾತನ್ನು ನನಗೇ ಹೇಳಿ. ಇಷ್ಟೇ ನಾನು ಕೇಳುತ್ತಿರುವುದು.

ನಿಮ್ಮ ಮನೆಯಲ್ಲಿ ಬಾಯಿಬಿಟ್ಟು ಹೊಗಳುವ ರೂಢಿ ಇಲ್ಲ ಅಂತ ನನಗೆ ಗೊತ್ತು. ಮಾವನವರು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರೆ ಅಡುಗೆ ಚೆನ್ನಾಗಿದೆ ಅಂತ ಅರ್ಥ. ಜಾಸ್ತಿ ಹೊಗಳಿದರೆ ದೃಷ್ಟಿಯಾಗುತ್ತೆ ಅಂತ ಅತ್ತೆ ಹೇಳುತ್ತಾರೆ, ಅವರು ಬೆಳೆದದ್ದೇ ಹಾಗೆ. ಆ ಮನೆಯಲ್ಲಿ ಪ್ರೀತಿಗೆ ಏನೂ ಕಮ್ಮಿ ಇಲ್ಲ. ನಮ್ಮ ತಂದೆ ಬೇರೆ ಥರದವರು. ದಿನಾ ಬರೀ ಮೊಳಕೆಕಾಳು ಸಾರು, ಮುದ್ದೆ ಇದ್ದರೂ "ಇವತ್ತು ಸಾರು ಚೆನ್ನಾಗಿದೆ ಕಣೇ" ಅಂತ ಅಮ್ಮನಿಗೆ ಹೇಳಿಯೇ ಕೈ ತೊಳೆಯುತ್ತಿದ್ದರು. ಅದನ್ನು ಕೇಳುತ್ತಾ ಬೆಳೆದವಳು ನಾನು. ಒಂದು ಸರಿ, ಇನ್ನೊಂದು ತಪ್ಪು ಅನ್ನುತ್ತಿಲ್ಲ. ನನ್ನ ಕಿವಿಗೆ ಆ ಅಭ್ಯಾಸ ಬಿದ್ದುಬಿಟ್ಟಿದೆ ಅಷ್ಟೇ.

ನೀವು ದಿನಾ ಸಂಜೆ ಮೆಸೇಜ್ ಹಾಕುತ್ತೀರಿ. "ಕ್ಯಾತ್ಸಂದ್ರ." ಅಷ್ಟೇ, ಒಂದೇ ಪದ. ಅದು ಬಂದ ಕೂಡಲೇ ನಾನು ಹಾಲು ಒಲೆ ಮೇಲಿಡುತ್ತೇನೆ. ನೀವು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕಾಫಿ ರೆಡಿ ಇರುತ್ತೆ. ಆ ಮೆಸೇಜ್ ನನಗೆ ತುಂಬಾ ಇಷ್ಟ. ರೈಲು ತಡವಾದ ದಿನ ಅದು ಬರುವ ತನಕ ನಾನು ಫೋನನ್ನು ಕೈಯಿಂದ ಕೆಳಗಿಡುವುದಿಲ್ಲ. ಅದರ ಜೊತೆಗೆ ಇನ್ನೊಂದು ಸಾಲು ಸೇರಿಸುತ್ತೀರಾ? ಏನಾದರೂ ಸರಿ. "ಬೆಳಿಗ್ಗೆ ಚಿತ್ರಾನ್ನ ಚೆನ್ನಾಗಿತ್ತು." "ಇವತ್ತು ಹಾಳಾದ ದಿನ, ಬಂದು ಹೇಳ್ತೀನಿ." "ನಿನ್ನ ಎಂಟನೇ ಕ್ಲಾಸ್ ಹುಡುಗ ಇವತ್ತು ಬಂದನಾ?" ಇಷ್ಟಿದ್ದರೆ ನನಗೆ ಬೇಕಾದಷ್ಟಾಯಿತು.

ಮನೆಗೆ ಬಂದ ಮೇಲೆ ಆ ಕಾಫಿ ಮುಗಿಯುವ ತನಕ ನಾವಿಬ್ಬರೂ ಕೂತುಕೊಳ್ಳೋಣ. ಫೋನ್ ಟಿವಿ ಮೇಜಿನ ಮೇಲಿರಲಿ, ನಿಮ್ಮದೂ ನನ್ನದೂ. ಬಾಗಿಲ ಮುಂದಿನ ಕಟ್ಟೆಯ ಮೇಲಾದರೆ ಇನ್ನೂ ಒಳ್ಳೆಯದು, ಗಾಳಿ ಬರುತ್ತೆ. ಏನೋ ದೊಡ್ಡ ವಿಷಯ ಮಾತಾಡಬೇಕು ಅಂತಿಲ್ಲ. ರೈಲಲ್ಲಿ ಇಸ್ಪೀಟು ಆಡುವವರ ಜಗಳ ಹೇಳಿ, ನೀವು ಹೇಳುವ ರೀತಿಗೇ ನಗು ಬರುತ್ತೆ. ನಾನು ಸ್ಟಾಫ್ ರೂಮಿನ ಕಥೆ ಹೇಳುತ್ತೇನೆ. ಆಮೇಲೆ ನೀವು ಸುಮ್ನೆ ಒರಗಿಕೊಂಡು ಫೋನ್ ನೋಡಿ, ನಾನು ಏನೂ ಅನ್ನುವುದಿಲ್ಲ. ಆ ಬಿಡುವು ನಿಮಗೆ ಬೇಕೇ ಬೇಕು.

ಬೆಳಿಗ್ಗೆ ಹೊರಡುವಾಗ ನಾನು ಅಡುಗೆಮನೆಯಲ್ಲಿ ಬಾಕ್ಸ್ ಕಟ್ಟುತ್ತಿರುತ್ತೇನೆ. ಕುಕ್ಕರ್ ಸದ್ದಿನಲ್ಲಿ ನೀವು "ಬರ್ತೀನಿ" ಅಂದದ್ದು ಎಷ್ಟೋ ಸಲ ಕೇಳಿಸುವುದೇ ಇಲ್ಲ, ಗೇಟಿನ ಶಬ್ದ ಮಾತ್ರ ಕೇಳಿಸುತ್ತೆ. ಅಡುಗೆಮನೆ ಬಾಗಿಲಿಗೆ ಬಂದು, ಮುಖ ನೋಡಿ ಹೇಳಿ ಹೋಗಿ. ನಿಮ್ಮ ರೈಲು ತಪ್ಪುವಷ್ಟು ಹೊತ್ತು ಹಿಡಿಯುವುದಿಲ್ಲ.

ಹೂವು ತನ್ನಿ, ಸೀರೆ ತನ್ನಿ, ಮದುವೆಯಾದ ದಿನ ಹೋಟೆಲಿಗೆ ಕರೆದುಕೊಂಡು ಹೋಗಿ ಅಂತ ನಾನು ಕೇಳುತ್ತಿಲ್ಲ. ಲೆಕ್ಕ ಇಟ್ಟುಕೊಂಡು ದಿನಕ್ಕೊಂದು ಹೊಗಳಿಕೆಯೂ ಬೇಡ. ಮನಸ್ಸಿಗೆ ಬಾರದ ಮಾತು ಬಾಯಲ್ಲಿ ಬಂದರೆ ನನಗೆ ತಕ್ಷಣ ಗೊತ್ತಾಗುತ್ತೆ, ನಿಮಗೂ ಹಿಂಸೆ. ಆದರೆ ಎಷ್ಟೋ ಸಲ ನಿಮ್ಮ ಮನಸ್ಸಿಗೆ ಬರುತ್ತೆ, ನೀವು ಅದನ್ನು ನುಂಗಿಕೊಳ್ಳುತ್ತೀರಿ. ಹೋದ ಸಲ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ನಮ್ಮ ಸ್ಕೂಲಲ್ಲಿ ಎಲ್ಲರೂ ಗಣಿತದಲ್ಲಿ ಪಾಸಾದರು ಅಂದಾಗ ನಿಮ್ಮ ಕಣ್ಣು ಹೇಗೆ ಅರಳಿತು ಅಂತ ನಾನು ನೋಡಿದೆ. ನೀವು "ಒಳ್ಳೇದಾಯ್ತು" ಅಂದಿರಿ. ಅದರ ಹಿಂದೆ ಇನ್ನೂ ಏನೋ ಇತ್ತು ಅಲ್ವಾ? ಆ ಉಳಿದದ್ದೂ ನನಗೆ ಬೇಕಿತ್ತು. ಇವತ್ತು ಹೇಳಿದರೂ ತಡವಾಗಿಲ್ಲ.

ನಿಮಗೂ ನನ್ನಿಂದ ಏನೋ ಬೇಕು ಅನ್ನಿಸುತ್ತಿರಬಹುದು. ಕೇಳುವುದು ಹೇಗೆ ಅಂತ ಸುಮ್ಮನಿದ್ದೀರೋ ಏನೋ. ಅದನ್ನೂ ಹೇಳಿ. ನಾನು ನಡುವೆ ಬಾಯಿ ಹಾಕದೆ ಕೇಳುತ್ತೇನೆ.

ಇದಕ್ಕೆ ಉತ್ತರ ಬರೆಯಬೇಡಿ, ಬರೆಯುವುದು ಅಂದರೆ ನಿಮಗೆ ಆಗುವುದಿಲ್ಲ ಅಂತ ಗೊತ್ತು. ಇವತ್ತು ರಾತ್ರಿಯೇ ಇದನ್ನು ಮಾತಾಡಬೇಕು ಅಂತಲೂ ಇಲ್ಲ. ಭಾನುವಾರ ಪುಟ್ಟಿಯನ್ನು ಅಕ್ಕನ ಮನೆಗೆ ಬಿಟ್ಟು ನಾವಿಬ್ಬರೇ ದೇವರಾಯನದುರ್ಗಕ್ಕೆ ಹೋಗಿ ಬರೋಣ. ಬರುತ್ತಾ ನಾಮದ ಚಿಲುಮೆ ಹತ್ತಿರ ಕೂತು ಮಾತಾಡಬಹುದು. ಪುಳಿಯೋಗರೆ ನಾನು ಕಟ್ಟಿಕೊಳ್ಳುತ್ತೇನೆ. ಅಕ್ಕನಿಗೆ ಶನಿವಾರವೇ ಫೋನ್ ಮಾಡಬೇಕು, ಹ್ಞೂಂ ಅಂದರೆ ಮಾಡಿಬಿಡುತ್ತೇನೆ.

ನಿಮ್ಮವಳು